ಪುಸ್ತಕದ ಉತ್ತರ ಒಂದು, ಅಕ್ಕನ ಉತ್ತರ ಇನ್ನೊಂದು: ಮೇಷ್ಟ್ರಿಲ್ಲದಾಗ ಕೇಳುವುದು ಯಾರನ್ನು?

ಪ್ರಶ್ನೆ: ನನ್ನ ಅಕ್ಕನಿಗೆ ಈಗ 41. ಪಿಯುಸಿಗೆ ಓದು ಬಿಟ್ಟವಳು, ಉಡುಪಿಯ ಬಟ್ಟೆ ಅಂಗಡಿಯೊಂದರಲ್ಲಿ ಕ್ಯಾಶಿಯರ್. ಈ ವರ್ಷ ದೂರಶಿಕ್ಷಣದಲ್ಲಿ ಬಿ.ಕಾಂ.ಗೆ ಸೇರಿದ್ದಾಳೆ. ಭಾನುವಾರದ ಸಂಪರ್ಕ ತರಗತಿಗೆ ಹೋಗೋಣವೆಂದರೆ ಅಂಗಡಿಯಲ್ಲಿ ರಜೆ ಸಿಗುವುದಿಲ್ಲ. ಅರ್ಥಶಾಸ್ತ್ರದ ಮಾಡ್ಯೂಲ್ ಹಿಡಿದು ಕೂತರೆ ಪುಟ ಮುಂದೆ ಹೋಗುವುದೇ ಇಲ್ಲ. ನಾನು ಓದಿದ್ದು ಐಟಿಐ, ಅರ್ಥಶಾಸ್ತ್ರದ ಗಂಧಗಾಳಿ ಇಲ್ಲ. ನಾನು ಹೇಗೆ ನೆರವಾಗಲಿ? (ಕಾಪುವಿನ ಓದುಗರೊಬ್ಬರು)

ಉತ್ತರ: ನಿಮಗೆ ಅರ್ಥಶಾಸ್ತ್ರ ಗೊತ್ತಿಲ್ಲದಿರುವುದು ಇಲ್ಲಿ ಅಂಥ ಅಡ್ಡಿಯೇನಲ್ಲ. ಒಂದು ರೀತಿಯಲ್ಲಿ ಉಪಯೋಗವೇ. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಪುಸ್ತಕವನ್ನು ನೋಡಿ. ದೂರಶಿಕ್ಷಣದ ಮಾಡ್ಯೂಲಿನ ಕಟ್ಟಣೆ ಕಾಲೇಜಿನ ಪಠ್ಯಪುಸ್ತಕಕ್ಕಿಂತ ಬೇರೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಪುಸ್ತಕವಾದರೆ ಪ್ರತಿ ಘಟಕದ ಮೊದಲಿಗೆ ಉದ್ದೇಶಗಳು ಇರುತ್ತವೆ, ನಡುನಡುವೆ ‘ನಿಮ್ಮ ಪ್ರಗತಿ ಪರೀಕ್ಷಿಸಿ’ ಎಂಬ ಪ್ರಶ್ನೆಗಳು, ಕೊನೆಯಲ್ಲಿ ಸಾರಾಂಶ, ಆ ಪ್ರಶ್ನೆಗಳ ಉತ್ತರ, ಪರೀಕ್ಷೆಗೆ ಬರುವಂಥ ಪ್ರಶ್ನೆಗಳು. ಮೇಷ್ಟ್ರು ಎಲ್ಲೆಲ್ಲಿ ನಿಂತು ‘ಅರ್ಥ ಆಯ್ತಾ’ ಎಂದು ಕೇಳುತ್ತಿದ್ದರೋ ಅಲ್ಲೆಲ್ಲ ಈ ಪ್ರಶ್ನೆಗಳನ್ನು ಇಟ್ಟಿದ್ದಾರೆ. ಕಾದಂಬರಿ ಓದಿದ ಹಾಗೆ ಒಂದನೇ ಪುಟದಿಂದ ಹೊರಟು, ಇವನ್ನು ಹಾರಿಸಿಕೊಂಡು ಹೋಗುವವರೇ ಹೆಚ್ಚು. ಹಾಗಾಗಿ ಅಕ್ಕ ಮೊದಲ ದಿನ ಉದ್ದೇಶ, ಸಾರಾಂಶ, ಕೊನೆಯ ಪ್ರಶ್ನೆಗಳು ಇಷ್ಟನ್ನೇ ಓದಲಿ. ಉತ್ತರದ ಪುಟಗಳಿಗೆ ನೀವೊಂದು ಕ್ಲಿಪ್ ಹಾಕಿಬಿಡಿ. ಅವಳು ಬರೆಯುವ ತನಕ ಅದನ್ನು ತೆಗೆಯುವಂತಿಲ್ಲ.

ಇನ್ನು ಪುಟ ಮುಂದೆ ಹೋಗದಿರುವುದು. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಆರು ಕ್ರೆಡಿಟ್ಟಿನ ವಿಷಯಕ್ಕೆ 180 ಗಂಟೆಯಾಯಿತು. ಅದರಲ್ಲಿ 18 ಘಟಕಗಳಿದ್ದರೆ ಒಂದೊಂದಕ್ಕೆ ಹತ್ತು ಗಂಟೆ. ಒಂದು ಘಟಕ ಒಂದು ಸಂಜೆಗೆ ಮುಗಿಯಬೇಕು ಎಂದುಕೊಂಡು ಕೂತವರಿಗೆ ತಾವು ದಡ್ಡರೇನೋ ಅನ್ನಿಸುವುದು ಸಹಜ. ಅವರ ಅಂದಾಜೇ ತಪ್ಪಿರುತ್ತದೆ, ಅಷ್ಟೆ.

ಇಷ್ಟು ಮಾಡಿದ ಮೇಲೂ ಒಂದು ಕಡೆ ಗಾಡಿ ನಿಂತೇ ನಿಲ್ಲುತ್ತದೆ: ತಾನು ಮಾಡಿದ ಲೆಕ್ಕಕ್ಕೂ ಪುಸ್ತಕದ ಉತ್ತರಕ್ಕೂ ತಾಳೆಯಾಗದಾಗ. ಮೇಷ್ಟ್ರು ಬೇಕೆನಿಸುವುದು ಇಂಥ ಹೊತ್ತಿಗೇ. ಬಿ.ಕಾಂ. ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠ ಬಂದೇ ಬರುತ್ತದೆ. ಅದನ್ನೇ ಹಿಡಿಯೋಣ.

ಹೆಸರು ದೊಡ್ಡದು, ಮಾತು ಸಣ್ಣದು. ಬೆಲೆ ಶೇಕಡಾ ಇಷ್ಟು ಬದಲಾದರೆ ಮಾರಾಟ ಶೇಕಡಾ ಎಷ್ಟು ಬದಲಾಗುತ್ತದೆ? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅಂಕಿಯೇ ಸ್ಥಿತಿಸ್ಥಾಪಕತ್ವ. ಬೆಲೆ ಏರಿದರೆ ಮಾರಾಟ ಇಳಿಯುತ್ತದಾದ್ದರಿಂದ ಉತ್ತರಕ್ಕೆ ಮೈನಸ್ ಚಿಹ್ನೆ ಬರುತ್ತದೆ. ಬಹಳಷ್ಟು ಪುಸ್ತಕಗಳು ಅದನ್ನು ಬಿಟ್ಟೇ ಬರೆಯುತ್ತವೆ, ನಾನೂ ಬಿಡುತ್ತೇನೆ.

ಒಂದು ಹೋಟೆಲಿನಲ್ಲಿ ಗೋಳಿಬಜೆ ಪ್ಲೇಟಿಗೆ 40 ರೂಪಾಯಿ ಇದ್ದಾಗ ದಿನಕ್ಕೆ 100 ಪ್ಲೇಟ್ ಹೋಗುತ್ತಿತ್ತು ಅಂದುಕೊಳ್ಳಿ. 50 ಮಾಡಿದ ಮೇಲೆ 80 ಪ್ಲೇಟ್ ಹೋಗುತ್ತದೆ. ಅಕ್ಕ ಲೆಕ್ಕ ಹಾಕುತ್ತಾಳೆ: ಬೆಲೆ 40ರ ಮೇಲೆ 10 ಏರಿತು, ಶೇಕಡಾ 25. ಮಾರಾಟ 100ರಲ್ಲಿ 20 ಇಳಿಯಿತು, ಶೇಕಡಾ 20. ಇಪ್ಪತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.8. ಪುಸ್ತಕದ ಹಿಂದೆ 1 ಅಂತಿದೆ! ಕೂಡಿಸಿ ಕಳೆದು ಮತ್ತೆ ನೋಡುತ್ತಾಳೆ, ಅದೇ 0.8. ಪುಸ್ತಕ ಮುಚ್ಚಿಡುತ್ತಾಳೆ.

ಇಲ್ಲಿ ನೀವು ಹೇಳಬೇಕಾದ್ದು ಒಂದೇ ಮಾತು: ‘ಅಕ್ಕಾ, ಇದನ್ನೇ ತಿರುಗಿಸಿ ಮಾಡು.’ ಬೆಲೆ 50ರಿಂದ 40ಕ್ಕೆ ಇಳಿಯಿತು ಅಂತಿಟ್ಟುಕೊಂಡರೆ ಅದು ಶೇಕಡಾ 20ರ ಇಳಿಕೆ. ಮಾರಾಟ 80ರಿಂದ 100ಕ್ಕೆ ಏರಿದರೆ ಶೇಕಡಾ 25ರ ಏರಿಕೆ. ಉತ್ತರ 1.25. ಅದೇ ಹೋಟೆಲು, ಅದೇ ಗೋಳಿಬಜೆ, ಹೋಗುವಾಗ ಒಂದು ಉತ್ತರ, ಬರುವಾಗ ಇನ್ನೊಂದು. ಅಕ್ಕನ ಕೂಡಿಸುವಿಕೆ ಕಳೆಯುವಿಕೆಯಲ್ಲಿ ತಪ್ಪಿಲ್ಲ. ಶೇಕಡಾವಾರು ಯಾವ ಅಂಕಿಯ ಮೇಲೆ ಎಂಬುದರಲ್ಲಿ ತೊಡಕಿದೆ. 40ರ ಮೇಲೆ ಹತ್ತು ಅಂದರೆ ಒಂದು ಪ್ರಮಾಣ, 50ರ ಮೇಲೆ ಹತ್ತು ಅಂದರೆ ಇನ್ನೊಂದು. ಬಟ್ಟೆ ಅಂಗಡಿಯ ಕ್ಯಾಶಿನಲ್ಲಿ ಕೂತವಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶೇಕಡಾ 25 ಏರಿಸಿದ ಬೆಲೆಯನ್ನು ಹಳೆಯ ಬೆಲೆಗೆ ತರಲು ಶೇಕಡಾ 20 ಡಿಸ್ಕೌಂಟ್ ಸಾಕು ಎಂದು ಅವಳಿಗೆ ಗೊತ್ತು.

ಈ ತೊಡಕು ತಪ್ಪಿಸಲೆಂದೇ ಆರ್ಕ್ ವಿಧಾನ ಇದೆ. ಎರಡೂ ತುದಿಯ ಸರಾಸರಿಯ ಮೇಲೆ ಶೇಕಡಾವಾರು ತೆಗೆಯುವುದು. ಬೆಲೆಯ ಸರಾಸರಿ 45, ಅದರ ಮೇಲೆ 10 ಅಂದರೆ ಶೇಕಡಾ 22.2. ಮಾರಾಟದ ಸರಾಸರಿ 90, ಅದರ ಮೇಲೆ 20 ಅಂದರೂ ಶೇಕಡಾ 22.2. ಉತ್ತರ 1. ಪುಸ್ತಕದಲ್ಲಿ ಇದು ಎರಡು ಪುಟದ ಹಿಂದೆ ಸೂತ್ರವಾಗಿ ಇದ್ದಿರುತ್ತದೆ. ಯಾಕೆ ಬೇಕು ಅಂತ ಗೊತ್ತಿಲ್ಲದ ಸೂತ್ರ ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ.

ಹಾಗಾದರೆ ಆ 1 ನಿಜಕ್ಕೂ ಸರಿಯೇ? ಮೇಷ್ಟ್ರಿಲ್ಲದವರಿಗೆ ಬಹಳ ಬೇಕಾದ ಅಭ್ಯಾಸ ಇದೇ, ಅದೇ ಘಟಕದ ಇನ್ನೊಂದು ದಾರಿಯಿಂದ ಉತ್ತರವನ್ನು ತಾಳೆ ನೋಡುವುದು. ಇದೇ ಪಾಠದಲ್ಲಿ ಅರ್ಥಶಾಸ್ತ್ರಜ್ಞ ಮಾರ್ಷಲ್ ಹೇಳಿದ ಒಟ್ಟು ವೆಚ್ಚದ ವಿಧಾನವೂ ಇರುತ್ತದೆ. ಬೆಲೆ ಬದಲಾದರೂ ಗಿರಾಕಿಗಳು ಕೊಡುವ ಒಟ್ಟು ದುಡ್ಡು ಬದಲಾಗದಿದ್ದರೆ ಸ್ಥಿತಿಸ್ಥಾಪಕತ್ವ 1 ಎನ್ನುತ್ತದೆ ಅದು. ನೂರು ಪ್ಲೇಟಿಗೆ ನಲವತ್ತರಂತೆ 4,000. ಎಂಬತ್ತು ಪ್ಲೇಟಿಗೆ ಐವತ್ತರಂತೆ 4,000. ಗಲ್ಲಾಪೆಟ್ಟಿಗೆಗೆ ಬೀಳುವುದು ಅಷ್ಟೇ. ಎರಡು ದಾರಿಗಳೂ ಒಂದೇ ಕಡೆ ಸೇರಿದವು.

ಈ ತಾಳೆಗೂ ಒಂದು ಮಿತಿ ಇದೆ. ಪರೀಕ್ಷೆಯಲ್ಲಿ ‘ಶೇಕಡಾವಾರು ವಿಧಾನದಿಂದ’ ಎಂದು ಕೇಳಿ, ಬೆಲೆ 40ರಿಂದ 50ಕ್ಕೆ ಏರಿತು ಎಂದಿದ್ದರೆ 0.8 ಎಂದೇ ಬರೆಯಬೇಕು. ಪ್ರಶ್ನೆ ಯಾವ ವಿಧಾನ ಕೇಳಿದೆ ಎಂದು ಮೊದಲು ಅಡಿಗೆರೆ ಹಾಕಿಕೊಳ್ಳಲಿ.

ಈಗ ನಿಮ್ಮ ಕೆಲಸ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಪುಸ್ತಕ ನಿಮ್ಮ ಕೈಯಲ್ಲಿರಲಿ, ಅಕ್ಕ ಪುಸ್ತಕ ನೋಡದೆ ಅಂದಿನ ಪಾಠವನ್ನು ನಿಮಗೆ ಹೇಳಲಿ. ವಿಷಯ ಗೊತ್ತಿರುವವರಾದರೆ ಅರ್ಧ ಮಾತಿಗೇ ‘ಹಾಂ ಹಾಂ’ ಅಂದುಬಿಡುತ್ತಾರೆ. ನಿಮಗೆ ಗೊತ್ತಿಲ್ಲವಾದ್ದರಿಂದ ‘ಸರಾಸರಿ ಯಾಕೆ ಮಾರಾಯ್ತಿ?’ ಎಂದು ಕೇಳುತ್ತೀರಿ. ಅವಳು ತಡವರಿಸಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮರುದಿನ ಅಲ್ಲಿಂದಲೇ ಓದು ಶುರುವಾಗಲಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಕಳೆದು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರು ಮುಂದೆ ಬಂದಿದ್ದರು. ಮೂರು ಸಲ ಓದಿ ‘ಗೊತ್ತಾಯ್ತು’ ಅನ್ನಿಸುವುದನ್ನು ನಂಬಬಾರದು ಅನ್ನುವುದು ಇದಕ್ಕೇ.

ಮಾಡ್ಯೂಲಿನ ಭಾಷೆಯೇ ಕಗ್ಗಂಟಾಗಿದ್ದರೆ ದ್ವಿತೀಯ ಪಿಯುಸಿಯ ಕನ್ನಡ ಮಾಧ್ಯಮದ ಅರ್ಥಶಾಸ್ತ್ರ ಪುಸ್ತಕ ತಂದುಕೊಡಿ. ಅನುಭೋಗಿಯ ವರ್ತನೆಯ ಅಧ್ಯಾಯದಲ್ಲಿ ಇದೇ ವಿಷಯ ಇದೆ, ಕಡಿಮೆ ಪುಟಗಳಲ್ಲಿ. ಅದನ್ನೋದಿ ಮಾಡ್ಯೂಲಿಗೆ ಮರಳಿದರೆ ಅರ್ಧ ಪದಗಳು ಪರಿಚಿತವಾಗಿರುತ್ತವೆ.

ತಾಳೆ ನೋಡಿಯೂ ಬಗೆಹರಿಯದ್ದು ಕೆಲವು ಉಳಿಯುತ್ತವೆ, ಅಚ್ಚಿನ ತಪ್ಪೂ ಇರಬಹುದು. ಅಲ್ಲಿ ಎರಡು ರಾತ್ರಿ ಕಳೆಯುವುದು ಬೇಡ. ಒಂದು ಚೀಟಿಯಲ್ಲಿ ಘಟಕ, ಪುಟ, ತಾನು ಮಾಡಿದ ಹಂತಗಳು, ತನಗೆ ಬಂದ ಉತ್ತರ, ಪುಸ್ತಕದ ಉತ್ತರ ಇಷ್ಟನ್ನು ಬರೆದಿಟ್ಟು ಮುಂದೆ ಹೋಗಲಿ. ಅಸೈನ್‌ಮೆಂಟ್ ಕೊಡಲು ಅಧ್ಯಯನ ಕೇಂದ್ರಕ್ಕೆ ಹೇಗೂ ಹೋಗಬೇಕಾಗುತ್ತದೆ, ಆಗ ಚೀಟಿಯೂ ಜೊತೆಗಿರಲಿ. ‘ಸರ್, ಸ್ಥಿತಿಸ್ಥಾಪಕತ್ವ ಅರ್ಥ ಆಗ್ಲಿಲ್ಲ’ ಎಂದರೆ ಅವರು ‘ಇನ್ನೊಮ್ಮೆ ಓದಿ’ ಅಂದಾರು. ಪುಟ ಸಂಖ್ಯೆ, ಹಂತ ಸಮೇತ ಮುಂದಿಟ್ಟರೆ ಹಾಗೆ ಹೇಳಿ ಕಳಿಸುವುದು ಕಷ್ಟ.