ಹುದ್ದೆಯ ಹೆಸರಲ್ಲಿ ಅಡಗಿದ ಎರಡು ಸಾವಿರ

ಕಲಬುರಗಿ ಗಂಜ್‌ನಲ್ಲಿ ಒಂದು ದಾಲ್‌ಮಿಲ್ ಆಫೀಸ್ ಇದೆ ಅಂದುಕೊಳ್ಳಿ. ಎರಡು ಟೇಬಲ್, ಎರಡು ಕಂಪ್ಯೂಟರ್; ಒಂದರ ಮುಂದೆ ಗಂಡಸು, ಇನ್ನೊಂದರ ಮುಂದೆ ಹೆಂಗಸು. ಇಬ್ಬರೂ ಟ್ಯಾಲಿಯಲ್ಲಿ ತೊಗರಿ ಖರೀದಿ ಬರೆಯುತ್ತಾರೆ, ಲಾರಿ ಹೊರಡುವ ಮುಂಚೆ ಇ-ವೇ ಬಿಲ್ ತೆಗೆಯುತ್ತಾರೆ. ಪಗಾರದ ಪಟ್ಟಿಯಲ್ಲಿ ಮಾತ್ರ ಅವರು ‘ಅಕೌಂಟೆಂಟ್’, ಈಕೆ ‘ಕ್ಲರ್ಕ್’.

ಈ ಹೆಸರಿನ ಆಟ ಹಳೆಯದು. ಗಂಡು-ಹೆಣ್ಣಿಗೆ ಸಮಾನ ಸಂಬಳದ ಕಾಯ್ದೆ ಬಂದಿದ್ದು 1976ರಲ್ಲಿ. ಅದರಡಿ ಆಡ್ರಿ ಡಿಕೋಸ್ಟಾ ಎಂಬ ಸ್ಟೆನೋಗ್ರಾಫರ್ ಹೂಡಿದ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅವರ ಹುದ್ದೆಯ ಹೆಸರಲ್ಲೇ ‘ಲೇಡಿ’ ಅಂತ ಸೇರಿಸಿದ್ದರು, ಸಂಬಳ ಗಂಡಸರಿಗಿಂತ ಕಡಿಮೆ. ಯೂನಿಯನ್ ಜೊತೆ ಒಪ್ಪಂದ ಆಗಿದೆ, ಕೊಡುವ ಶಕ್ತಿ ಇಲ್ಲ ಅಂತೆಲ್ಲ ಕಂಪನಿ ವಾದಿಸಿತು. 1987ರಲ್ಲಿ ಕೋರ್ಟ್ ಯಾವುದನ್ನೂ ಒಪ್ಪಲಿಲ್ಲ. ನೋಡಬೇಕಾದ್ದು ಮಾಡುವ ಕೆಲಸವನ್ನು, ಹುದ್ದೆಯ ಹೆಸರನ್ನಲ್ಲ ಎಂದಿತು.

ಆ ಕಾಯ್ದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿದೆ. ಜಾರಿಗೆ ಬಂದಿದ್ದು 2025ರ ನವೆಂಬರ್‌ನಲ್ಲಿ. ಕೆಲಸ ಒಂದೇ ಥರದ್ದಾ ಅಂತ ತೀರ್ಮಾನಿಸಲು ಕೌಶಲ, ಶ್ರಮ, ಜವಾಬ್ದಾರಿ ನೋಡುತ್ತಿದ್ದರು. ಸಂಹಿತೆ ಇದಕ್ಕೆ ಅನುಭವವನ್ನೂ ಸೇರಿಸಿತು. ಜಗಳ ಹುಟ್ಟುವುದು ಇಲ್ಲೇ. ಯಾಕಂದ್ರೆ ಎಲ್ಲ ವ್ಯತ್ಯಾಸಕ್ಕೂ ‘ಅವರಿಗೆ ಅನುಭವ ಜಾಸ್ತಿ’ ಅನ್ನುವ ಉತ್ತರ ರೆಡಿ ಇರುತ್ತದೆ.

ಹಾಗಾದರೆ ಲೆಕ್ಕ ಹಾಕೋಣ. ನಮ್ಮ ದಾಲ್‌ಮಿಲ್‌ನ ಇಬ್ಬರೂ 2016ರಲ್ಲಿ ಸೇರಿದವರು. ಹಿಂದಿನ ಕಡೆ ಎಷ್ಟು ಕೊಡ್ತಿದ್ರು ಅಂತ ಕೇಳಿ ಅವರಿಗೆ 12,000, ಈಕೆಗೆ 10,000 ಕೊಟ್ಟರು. ಅವರಿಗೆ ಒಂದು ವರ್ಷದ ಅನುಭವ ಜಾಸ್ತಿ ಇತ್ತು ನಿಜ. ಆದರೆ ಅದೇ ಮಿಲ್ ಉಳಿದವರಿಗೆಲ್ಲ ವರ್ಷದ ಅನುಭವಕ್ಕೆ ಕೊಟ್ಟಿದ್ದು 500. ಅಂದರೆ 2,000ದಲ್ಲಿ 500ಕ್ಕೆ ಕಾರಣ ಇದೆ, 1,500ಕ್ಕೆ ಇಲ್ಲ. ಹಳೆ ಸಂಬಳ ಕಾರಣ ಆಗಲ್ವಾ? ಆಗಲ್ಲ. ಅಲ್ಲಿ ಕಡಿಮೆ ಕೊಟ್ಟ ತಪ್ಪನ್ನೇ ಇಲ್ಲಿಗೂ ಹೊತ್ತು ತಂದಂತೆ.

ಮುಂದೆ ಇಬ್ಬರಿಗೂ ವರ್ಷಕ್ಕೆ ಶೇ 8ರ ಹೆಚ್ಚಳ. ನೋಡಲು ಸಮಾನ. ಆದರೆ ಎಂಟು ಹೆಚ್ಚಳದ ನಂತರ ಅವರದು 22,211, ಈಕೆಯದು 18,509. ಎರಡು ಸಾವಿರದ ಅಂತರ 3,702 ಆಯಿತು. 11,500ರಿಂದ ಶುರು ಮಾಡಿದ್ದರೆ ಈಕೆಗೆ 21,286 ಬರಬೇಕಿತ್ತು. ಸರಿಪಡಿಸಬೇಕಾದ ಮೊತ್ತ ತಿಂಗಳಿಗೆ 2,777. ಮಾಲೀಕರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಹಳೆಯ 1,500 ಸೇರಿಸಿ ಫೈಲ್ ಮುಚ್ಚುತ್ತಾರೆ. ಇನ್ನು ಕೆಲವರು ಬೋನಸ್ ಕೊಟ್ಟು ಸುಮ್ಮನಾಗುತ್ತಾರೆ. ಮೂಲ ವೇತನ ಹಾಗೇ ಉಳಿದರೆ ಮುಂದಿನ ವರ್ಷದ ಶೇ 8 ಮತ್ತೆ ಅಂತರ ಬೆಳೆಸುತ್ತದೆ.

ಇಪ್ಪತ್ತು ಜನರ ಮಿಲ್‌ಗೆ ದೊಡ್ಡ ಕಂಪನಿಗಳ ಸಂಖ್ಯಾಶಾಸ್ತ್ರ ಬೇಡ, ಅಷ್ಟು ಕಡಿಮೆ ಜನರಲ್ಲಿ ಅದು ನಂಬಿಕೆಗೆ ಬರುವ ಉತ್ತರವನ್ನೂ ಕೊಡದು. ಹೀಗೆ ಜೋಡಿ ಜೋಡಿಯಾಗಿ ನೋಡಿದರೆ ಸಾಕು. ಹಾಂ, ಗಂಡಸಿನ ಸಂಬಳ ಇಳಿಸಿ ಸಮ ಮಾಡೋಣ ಅಂತ ಯಾರಾದರೂ ಲೆಕ್ಕ ಹಾಕಿದ್ದರೆ, 1976ರ ಕಾಯ್ದೆಯೇ ಆ ದಾರಿ ಮುಚ್ಚಿತ್ತು. ಈಗಿನ ಸಂಹಿತೆಯೂ ಅದನ್ನು ಮುಚ್ಚಿಯೇ ಇಟ್ಟಿದೆ.