ಕಣ್ಣಿನ ಕೆಳಗೆ ಬೂದು ಬಣ್ಣ ಬರುವುದೇಕೆ?

ಕಲಬುರಗಿಯ ಬ್ಯೂಟಿ ಪಾರ್ಲರ್‌ಗಳಲ್ಲಿ ಮದುವೆಯ ಕಾಲದಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರೊಂದಿದೆ: ಕಣ್ಣಿನ ಕೆಳಗಿನ ಕಪ್ಪನ್ನು ಮುಚ್ಚಲು ಕನ್ಸೀಲರ್ ಹಚ್ಚಿದರೆ ಕಪ್ಪು ಹೋಗುವ ಬದಲು ಬೂದಿ ಮೆತ್ತಿದಂತೆ ಕಾಣುತ್ತದೆ. ಇದಕ್ಕೆ ಹಚ್ಚಿದವರ ಕೈಯನ್ನು ದೂರುವುದಕ್ಕಿಂತ ಬೆಳಕಿನ ವರ್ತನೆಯನ್ನು ತಿಳಿಯುವುದು ಒಳ್ಳೆಯದು.

ಕನ್ಸೀಲರ್‌ಗೆ ಮುಚ್ಚುವ ಶಕ್ತಿ ಕೊಡುವುದು ಮುಖ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಅದರ ತೆಳು ಪದರದ ಸೂಕ್ಷ್ಮ ಕಣಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ. ಪದರವನ್ನು ದಾಟಿ ಒಳಹೋದ ಬೆಳಕನ್ನು ಕೆಳಗಿನ ಕಪ್ಪು ಚರ್ಮ ಬಹುಪಾಲು ಹೀರಿಬಿಡುವುದರಿಂದ ನಮ್ಮ ಕಣ್ಣಿಗೆ ಮರಳಿ ಬರುವುದು ನೀಲಿ ಬೆರೆತ ಬೂದು ಮಾತ್ರ. ಕನ್ಸೀಲರ್‌ಗಿಂತ ಮೊದಲು ಹಚ್ಚುವ ಕಲರ್ ಕರೆಕ್ಟರ್ ಎಂಬ ಬಣ್ಣದ ಕ್ರೀಮಿನಲ್ಲಿ ಕೆಂಪು ಮತ್ತು ಹಳದಿ ಐರನ್ ಆಕ್ಸೈಡ್‌ಗಳು ಹೆಚ್ಚಾಗಿದ್ದು, ಅವು ನೀಲಿಯನ್ನು ಹೀರಿ ಕೆಂಪು-ಹಳದಿಯನ್ನು ಮರಳಿಸುತ್ತವೆ. ಹೀಗೆ ಕರೆಕ್ಟರ್ ಬಣ್ಣವನ್ನು ಸರಿಪಡಿಸುತ್ತದೆ, ಅದರ ಮೇಲೆ ಹಚ್ಚುವ ಕನ್ಸೀಲರ್ ಮುಚ್ಚುತ್ತದೆ.

ಆದರೆ ಮೊದಲು ಕಪ್ಪು ಯಾವುದೆಂದು ನೋಡಬೇಕು. ಕಿಟಕಿಗೆ ಮುಖಮಾಡಿ ಕನ್ನಡಿ ಹಿಡಿದಾಗ ಕಪ್ಪು ಬಹಳಷ್ಟು ಮಾಯವಾದರೆ ಅದು ಗುಳಿಯ ನೆರಳು. ಅದನ್ನು ಕರೆಕ್ಟರ್ ತೆಗೆಯಲಾರದು. ಮಾಯವಾಗದೆ ಕಂದಾಗಿಯೋ ನೀಲಿಯಾಗಿಯೋ ಉಳಿದರೆ ಮಾತ್ರ ಕರೆಕ್ಟರ್ ಉಪಯೋಗಕ್ಕೆ ಬರುತ್ತದೆ.

ಗಾಢ ಗೋಧಿ ಮೈಬಣ್ಣದ, ಕಣ್ಣಿನ ಕೆಳಗೆ ಕಡುಕಂದು ಇರುವ ಮದುಮಗಳೊಬ್ಬಳನ್ನು ಊಹಿಸಿಕೊಳ್ಳೋಣ. ಮುಖ ಬೆಳ್ಳಗೆ ಕಾಣಲೆಂದು ಎರಡು ಶೇಡ್ ತಿಳಿಯಾದ ಕನ್ಸೀಲರ್ ಕೊಂಡರೆ ಬೂದು ಇನ್ನೂ ಹೆಚ್ಚುತ್ತದೆ. ಆಕೆಗೆ ಒಪ್ಪುವುದು ಕಿತ್ತಳೆಯತ್ತ ವಾಲಿದ ಪೀಚ್ ಕರೆಕ್ಟರ್ ಮತ್ತು ಕೆನ್ನೆಯ ಬಣ್ಣದ್ದೇ ಕನ್ಸೀಲರ್. ಮೈಬಣ್ಣ ಇನ್ನೂ ಗಾಢವಾಗಿದ್ದರೆ ಕಿತ್ತಳೆಯೇ ಬೇಕಾಗುತ್ತದೆ, ತಿಳಿಯಾಗಿದ್ದರೆ ತೆಳು ಪೀಚ್ ಸಾಕು. ಶೇಡನ್ನು ಮಣಿಕಟ್ಟಿನ ಮೇಲಲ್ಲ, ಕೆನ್ನೆಯ ಮೇಲೆ ಹಚ್ಚಿ, ಅಂಗಡಿಯ ದೀಪ ಬಿಟ್ಟು ಹೊರಗಿನ ಹಗಲಿನಲ್ಲಿ ನೋಡಬೇಕು.

ಒಂದೊಂದು ಕಣ್ಣಿಗೆ ಜೋಳದ ಕಾಳಿನಷ್ಟು ಕರೆಕ್ಟರ್ ಕೂಡ ಹೆಚ್ಚೇ. ಅದನ್ನು ಕಪ್ಪಿರುವಲ್ಲಿ ಮಾತ್ರ ಉಂಗುರ ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಬೆರಳಿನ ಬಿಸಿಗೆ ಕ್ರೀಮ್ ಮೆದುವಾಗಿ ಚರ್ಮಕ್ಕೆ ಅಂಟುತ್ತದೆ. ಮೂಗಿನ ಬದಿಯ ಕಣ್ಣಿನ ಮೂಲೆಗೆ ಬೆರಳು ಹೋಗದು, ಅಲ್ಲಿಗೆ ಸಣ್ಣ ಬ್ರಶ್ ಬೇಕು. ಒಂದು ನಿಮಿಷ ಬಿಟ್ಟು, ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಕನ್ಸೀಲರನ್ನು ತಟ್ಟಿ ಹಚ್ಚಬೇಕು. ಇಲ್ಲಿ ಉಜ್ಜಿದರೆ ಕೆಳಗಿನ ಕಿತ್ತಳೆ ಮೇಲೆ ಬೆರೆತು ಎರಡೂ ಪದರಗಳ ಶ್ರಮ ವ್ಯರ್ಥವಾಗುತ್ತದೆ. ಮುಚ್ಚಿದ ಮೇಲೂ ಕಿತ್ತಳೆ ಇಣುಕಿದರೆ ಕರೆಕ್ಟರ್ ಹೆಚ್ಚಾಗಿದೆ ಎಂದರ್ಥ. ಬೂದು ಉಳಿದಿದ್ದರೆ ಕರೆಕ್ಟರ್ ಸಾಲದು, ಇಲ್ಲವೇ ಅದರ ಬಣ್ಣ ತೀರಾ ತಿಳಿ.

ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆವರಿಗೆ ಪದರ ಕರಗಿ ಕಣ್ಣಿನ ಕೆಳಗಿನ ಗೆರೆಗಳಲ್ಲಿ ತುಂಬಿಕೊಳ್ಳುತ್ತದೆ. ತೀರಾ ತೆಳುವಾಗಿ ಪೌಡರ್ ಒತ್ತಿದರೆ ಇದು ತಡವಾಗುತ್ತದೆ, ನಿಲ್ಲುವುದಿಲ್ಲ. ಗೆರೆ ಕಂಡಾಗ ಅದರ ಮೇಲೆಯೇ ಮತ್ತೆ ಕನ್ಸೀಲರ್ ಹಚ್ಚಬಾರದು. ಮೊದಲು ಟಿಶ್ಯೂವಿನಿಂದ ಬೆವರನ್ನು ಒತ್ತಿ ತೆಗೆದು, ಗೆರೆಯಲ್ಲಿ ಕೂತದ್ದನ್ನು ಖಾಲಿ ಸ್ಪಂಜಿನಿಂದ ತಟ್ಟಿ ಹರಡಿದರೆ ಸಾಕು.