ಹೊಂಡದ ಬಾಯಿ ಎಷ್ಟು ಅಗಲವೋ ಆವಿ ಅಷ್ಟು

ಫೆಬ್ರುವರಿ ಬಂತೆಂದರೆ ಕೊಪ್ಪಳ, ವಿಜಯಪುರದ ಕಡೆಯ ಕೃಷಿ ಹೊಂಡದ ರೈತರಿಂದ ಒಂದೇ ದೂರು: "ಸರ್, ಹೊಂಡ ಸೋರಾಕತ್ತೈತಿ, ಹಾಳಿ ಎಲ್ಲೋ ಹರಿದೈತಿ." ನೀರು ಖಾಲಿ ಮಾಡಿಸಿ, ಸಾವಿರಾರು ರೂಪಾಯಿ ಕೊಟ್ಟು ತಳಕ್ಕೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿದ ಮೇಲೂ ಮಟ್ಟ ಅದೇ ವೇಗದಲ್ಲಿ ಇಳಿಯುತ್ತದೆ. ಹಾಗಾಗಿ ಹಾಳೆಗೆ ಕೈ ಹಚ್ಚುವ ಮೊದಲು ಒಂದು ಬಕೆಟ್ ತನ್ನಿ.

ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿಗೆ ನುಣುಪಾದ ಒಂದೆರಡು ಕಲ್ಲು ಹಾಕಿ, ಹೊಂಡದ ಮೆಟ್ಟಿಲ ಮೇಲೋ ಅಂಚಿನ ಇಳಿಜಾರಿನಲ್ಲೋ ಮುಕ್ಕಾಲು ಭಾಗ ಮುಳುಗುವಂತೆ ಅಲುಗದ ಹಾಗೆ ಕೂರಿಸಿ. ಒಳಗಿನ ನೀರು ಹೊರಗಿನ ನೀರಿನ ಮಟ್ಟಕ್ಕೇ ಇರಲಿ. ಎರಡೂ ಕಡೆ ಗುರುತು ಹಾಕಿ, ಪಂಪ್ ಬಂದ್ ಮಾಡಿ ನಾಲ್ಕೈದು ದಿನ ಬಿಡಿ. ಆ ದಿನಗಳಲ್ಲಿ ಮಳೆ ಬಂದರೆ ಲೆಕ್ಕ ಬಿಟ್ಟು ಮತ್ತೆ ಶುರು ಮಾಡಿ. ಬಕೆಟ್ ಸೋರುವುದಿಲ್ಲ, ಅದರಲ್ಲಿ ಇಳಿದದ್ದು ಆವಿ ಮಾತ್ರ. ಹೊರಗಿನ ಮಟ್ಟವೂ ಹೆಚ್ಚುಕಡಿಮೆ ಅಷ್ಟೇ ಇಳಿದಿದ್ದರೆ ನಿಮ್ಮ ಹಾಳೆ ಸರಿಯಾಗಿದೆ. ಹೊರಗೆ ಸ್ಪಷ್ಟವಾಗಿ ಹೆಚ್ಚು ಇಳಿದಿದ್ದರೆ ಮಾತ್ರ ತೂತು ಹುಡುಕಿ.

ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯದ ಮಾತೊಂದಿದೆ. ಆವಿಗೆ ಹೊಂಡದ ಆಳ ಗೊತ್ತಿಲ್ಲ, ಬಾಯಿಯ ಅಗಲ ಮಾತ್ರ ಗೊತ್ತು. ಬಿಸಿಲು, ಗಾಳಿಯ ಒಣತನ, ಗಾಳಿಯ ಬೀಸು ಈ ಮೂರೂ ಕೆಲಸ ಮಾಡುವುದು ನೀರಿನ ಮೇಲ್ಮೈಯಲ್ಲಿ. ಒಂದು ಚದರ ಮೀಟರ್ ಮೇಲ್ಮೈಯಿಂದ ಒಂದು ಮಿಲಿಮೀಟರ್ ಇಳಿಯಿತೆಂದರೆ ಒಂದು ಲೀಟರ್ ಹೋಯಿತೆಂದು ಲೆಕ್ಕ. ಅದರ ಕೆಳಗೆ ಅರ್ಧ ಮೀಟರ್ ನೀರಿದ್ದರೂ ಮೂರು ಮೀಟರ್ ಇದ್ದರೂ ಹೋಗುವುದು ಸರಿಸುಮಾರು ಆ ಒಂದು ಲೀಟರೇ. ಆದರೂ ಜೆಸಿಬಿ ಬಂದ ದಿನ ಎಲ್ಲರೂ ಕೇಳುವುದು "ಇನ್ನಷ್ಟು ಅಗಲ ತೆಗೀರಿ" ಎಂದು. ಅಗಲವಾದ ಹೊಂಡ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಅಷ್ಟೆ.

ಲೆಕ್ಕ ಹಾಕಿಯೇ ನೋಡೋಣ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಕಾಣುವ 21 ಮೀಟರ್ ಚೌಕದ, 3 ಮೀಟರ್ ಆಳದ, ಒಂದಕ್ಕೆ ಒಂದು ಇಳಿಜಾರಿನ, ಎಂದರೆ ಮೀಟರ್ ಆಳಕ್ಕೆ ಮೀಟರ್ ಒಳಸರಿಯುವ ಅಂಚಿನ ಹೊಂಡ ತೆಗೆದುಕೊಳ್ಳಿ. ತುಂಬಿದರೆ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಅದೇ ಇಳಿಜಾರಿನಲ್ಲಿ, ಅಷ್ಟೇ ನೀರನ್ನು ಒಂದೂವರೆ ಮೀಟರ್ ಆಳದಲ್ಲಿ ಹಿಡಿಯಬೇಕಾದರೆ ಚೌಕ 27 ಮೀಟರಿಗೆ ಹಿಗ್ಗಬೇಕು. ಎರಡಕ್ಕೂ ಹಾಳೆ ಹಾಸಿದೆ, ಎರಡೂ ಅಕ್ಟೋಬರ್ ಕೊನೆಗೆ ತುಂಬಿವೆ, ಯಾರೂ ನೀರು ಎತ್ತಿಲ್ಲ ಎಂದುಕೊಳ್ಳಿ. ನವೆಂಬರಿನಿಂದ ಫೆಬ್ರುವರಿವರೆಗೆ ದಿನಕ್ಕೆ 5 ಮಿಲಿಮೀಟರ್, ಮಾರ್ಚಿನಿಂದ ಮೇವರೆಗೆ 7 ಮಿಲಿಮೀಟರ್ ಆವಿ ಹಿಡಿಯೋಣ. ಊರು, ವರ್ಷ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಹವಾಮಾನ ಕೇಂದ್ರದ ಆವಿ ತೊಟ್ಟಿಯ ಅಂಕಿ ಸಿಕ್ಕರೆ ಅದನ್ನು ಹಾಗೇ ಬಳಸಬೇಡಿ. ಆ ಲೋಹದ ತೊಟ್ಟಿ ಬೇಗ ಕಾಯುವುದರಿಂದ ಅಂಕಿ ಹೆಚ್ಚಿರುತ್ತದೆ, ಸುಮಾರು 0.7ರಿಂದ ಗುಣಿಸಿಕೊಳ್ಳಿ.

ಫೆಬ್ರುವರಿ ಮುಗಿಯುವ ಹೊತ್ತಿಗೆ ಎರಡೂ ಹೊಂಡಗಳಲ್ಲಿ ಮಟ್ಟ 60 ಸೆಂಟಿಮೀಟರ್ ಇಳಿದಿರುತ್ತದೆ. ಆಳದ ಹೊಂಡದಲ್ಲಿ ಆ 60 ಸೆಂಟಿಮೀಟರ್ ಎಂದರೆ ಎರಡೂವರೆ ಲಕ್ಷ ಲೀಟರ್, ಅಗಲದ ಹೊಂಡದಲ್ಲಿ 4.2 ಲಕ್ಷ. ಮೇ ಕೊನೆಗೆ ಆಳದ ಹೊಂಡದಲ್ಲಿ ಸುಮಾರು ಅರ್ಧ ನೀರು, ಐದು ಲಕ್ಷ ಲೀಟರ್, ಇನ್ನೂ ಇರುತ್ತದೆ. ಅಗಲದ ಹೊಂಡದಲ್ಲಿ ಉಳಿಯುವುದು ಒಂದು ಗೇಣು ಚಿಲ್ಲರೆ ನೀರು. ಹೂಳೂ ಸೇರಿ ಅದರಲ್ಲಿ ಫುಟ್‌ವಾಲ್ವ್ ಮುಳುಗುವುದೇ ಕಷ್ಟ. ತೋಡಿದ ಖರ್ಚು ಎರಡಕ್ಕೂ ಹತ್ತಿರಹತ್ತಿರ, ಹಾಳೆಯ ಖರ್ಚಂತೂ ಅಗಲದ್ದಕ್ಕೇ ಹೆಚ್ಚು.

ಹಾಗೆಂದು ಕಣ್ಣು ಮುಚ್ಚಿ ಆಳಕ್ಕೆ ಇಳಿಯಬಾರದು. ಎರೆ ಮಣ್ಣಿನಲ್ಲಿ ಒಂದಕ್ಕೆ ಒಂದರ ಇಳಿಜಾರು ಮಳೆಗಾಲದಲ್ಲಿ ಜರಿಯುತ್ತದೆ, ಅಲ್ಲಿ ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಒಳಸರಿಯುವ ಇಳಿಜಾರು ಬೇಕು. ಹಾಳೆ ಹಾಸಿದ ಆಳದ ಹೊಂಡಕ್ಕೆ ಬಿದ್ದವರು, ಈಜು ಬಂದರೂ, ಜಾರುವ ಅಂಚನ್ನು ಹತ್ತಿ ಬರಲಾರರು. ಸುತ್ತ ತಂತಿ ಬೇಲಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಲ್ಲದೆ ನೀರು ತುಂಬಿಸಲೇಬೇಡಿ. ಹಳ್ಳಿಯ ಮಕ್ಕಳು ಬೇಸಿಗೆಯಲ್ಲಿ ನೀರು ಕಂಡಲ್ಲಿ ಓಡುತ್ತಾರೆ.

ಎರಡು ಹೊಂಡ ಇದ್ದವರಿಗೆ ಇನ್ನೊಂದು ದಾರಿ ಇದೆ. ಎರಡರಿಂದಲೂ ಸಮಸಮನಾಗಿ ನೀರು ಎತ್ತಬೇಡಿ. ಇದೇ ಇಳಿಜಾರಿನ, 15 ಮೀಟರ್ ಚೌಕದ, 3 ಮೀಟರ್ ಆಳದ ಎರಡು ಹೊಂಡಗಳಲ್ಲಿ ತಲಾ ಒಂದೂವರೆ ಮೀಟರ್ ನೀರು ಉಳಿದಿದೆ ಎನ್ನಿ. ಬಿಸಿಲಿಗೆ ಒಡ್ಡಿದ ಮೇಲ್ಮೈ ಒಟ್ಟು 288 ಚದರ ಮೀಟರ್. ಆ ನೀರನ್ನೆಲ್ಲ ಒಂದಕ್ಕೇ ಹರಿಸಿದರೆ ಆಳ ಎರಡೂವರೆ ಮೀಟರ್ ಆಗಿ, ಮೇಲ್ಮೈ 196ಕ್ಕೆ ಇಳಿಯುತ್ತದೆ. ಆವಿಯಲ್ಲಿ ಮೂರನೇ ಒಂದು ಭಾಗ ಉಳಿಯಿತು, ಖರ್ಚಾದದ್ದು ಸ್ವಲ್ಪ ಡೀಸೆಲ್. ಖಾಲಿಯಾದ ಹೊಂಡದ ಹಾಳೆಯ ಮೇಲೆ ಮಣ್ಣು ತುಂಬಿದ ಚೀಲ ಇಡಿ, ಇಲ್ಲದಿದ್ದರೆ ಗಾಳಿಗೆ ಹಾಳೆ ಎದ್ದು ಹರಿಯುತ್ತದೆ.

ಇಷ್ಟಾದ ಮೇಲೆ ಹೊದಿಕೆಯ ಮಾತು. ಕೃಷಿ ಹೊಂಡಕ್ಕೆ ನನ್ನ ಮೊದಲ ಆಯ್ಕೆ ಮೇಲೆ ಕಟ್ಟುವ ಕಪ್ಪು ನೆರಳು ಪರದೆ. ಸರಿಯಾಗಿ ಕಟ್ಟಿದರೆ ಆವಿ ಅರ್ಧಕ್ಕಿಂತ ಕೆಳಗೆ ಇಳಿಯಬಹುದು, ಏಕೆಂದರೆ ಅದು ಬಿಸಿಲನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುತ್ತದೆ. ಸಸಿಮಡಿಗೆ ಬಳಸುವ 50 ಶೇಕಡಾ ಪರದೆ ಸಾಲದು, 75 ಅಥವಾ 90 ಶೇಕಡಾದ್ದು ತನ್ನಿ, ಬಿಸಿಲು ತಾಳುವ ಯುವಿ ಲೇಪದ್ದೇ ಇರಲಿ. ಕಂಬಗಳು ಬದುವಿನ ಹೊರಗೆ ನಿಲ್ಲಬೇಕು. ಹೊಂಡದೊಳಗೆ ನಿಲ್ಲಿಸಿದ ಕಂಬ ಹಾಳೆಯನ್ನು ತಿನ್ನುತ್ತದೆ. ಪ್ರತಿ ಕಂಬಕ್ಕೂ ಹೊರಗಡೆಗೆ ಎಳೆತಂತಿ ಬಿಗಿದು, ಜಿಐ ತಂತಿಯನ್ನು ಒಂದೂವರೆ ಎರಡು ಮೀಟರಿಗೊಂದರಂತೆ ಅಡ್ಡ, ಉದ್ದ ಎಳೆದು, ಅದರ ಮೇಲೆ ಪರದೆ ಹಾಸಿ ಹೊಲಿಯಿರಿ. ಕೆಡುವುದು ಸಾಮಾನ್ಯವಾಗಿ ನಡುವೆ. ತಂತಿ ಜೋಲು ಬಿದ್ದು ಪರದೆ ನೀರಿಗೆ ತಾಗಿದರೆ ದೀಪದ ಬತ್ತಿ ಎಣ್ಣೆ ಹೀರಿದಂತೆ ನೀರು ಹೀರಿ ಗಾಳಿಗೆ ಒಡ್ಡುತ್ತದೆ. ಕಟ್ಟಿದ ತಿಂಗಳೊಳಗೆ ತಂತಿಯನ್ನು ಇನ್ನೊಮ್ಮೆ ಬಿಗಿಗೊಳಿಸಿ. ಪಕ್ಕಗಳನ್ನೂ ಬದುವಿನವರೆಗೆ ಇಳಿಬಿಟ್ಟು ಮುಚ್ಚಿ, ಮಳೆನೀರು ಬರುವ ಕಾಲುವೆಯ ಬಾಯಿ ಮಾತ್ರ ತೆರೆದಿರಲಿ.

ತೇಲುವ ಹೊದಿಕೆಯ ಲೆಕ್ಕ ಸರಳ: ಎಷ್ಟು ಪಾಲು ಮುಚ್ಚಿದೆಯೋ ಉಳಿತಾಯವೂ ಹೆಚ್ಚುಕಡಿಮೆ ಅಷ್ಟೇ ಪಾಲು. ಖಾಲಿ ಬಾಟಲಿ, ಥರ್ಮಾಕೋಲ್ ತುಂಡು ತೇಲಿಬಿಟ್ಟವರ ಹೊಂಡದಲ್ಲಿ ಸಂಜೆಯ ಗಾಳಿಗೆ ಎಲ್ಲವೂ ಒಂದು ಮೂಲೆ ಸೇರಿರುತ್ತವೆ. ಹಗ್ಗದಲ್ಲಿ ಪೋಣಿಸಿ ನಾಲ್ಕೂ ಬದಿಗೆ ಕಟ್ಟಬೇಕು. ಥರ್ಮಾಕೋಲಂತೂ ಬಿಸಿಲಿಗೆ ಪುಡಿಯಾಗಿ ಡ್ರಿಪ್ ಫಿಲ್ಟರಿಗೆ ಸೇರುತ್ತದೆ, ಅದು ಬೇಡ. ಲಾಸ್ ಏಂಜಲೀಸಿನ ಜಲಾಶಯಕ್ಕೆ ಕಪ್ಪು ಚೆಂಡು ಸುರಿಯುವ ವಿಡಿಯೊ ತೋರಿಸಿ ಕೇಳುವವರಿದ್ದಾರೆ. 2015ರಲ್ಲಿ ಅಲ್ಲಿ 9.6 ಕೋಟಿ ಚೆಂಡು ತುಂಬಿದ್ದು ಮುಖ್ಯವಾಗಿ ಕುಡಿಯುವ ನೀರಿಗೆ ಬಿಸಿಲು ತಾಗಿ ಬ್ರೋಮೇಟ್ ಎಂಬ ವಿಷಕಾರಿ ಅಂಶ ಹುಟ್ಟದಿರಲೆಂದು. ಆವಿ ಕಡಿಮೆಯಾದದ್ದು ಜೊತೆಗೆ ಸಿಕ್ಕ ಲಾಭ.

ಗಿಡದಿಂದ ಮುಚ್ಚುವ ಯೋಚನೆಯೂ ಆಗಾಗ ಬರುತ್ತದೆ. ನೇರಳೆ ಹೂವಿನ ಆ ತೇಲುವ ಕಳೆ, ಹಯಸಿಂತ್, ಎಲೆಗಳ ಮೂಲಕ ತೆರೆದ ನೀರಿಗಿಂತ ಹೆಚ್ಚೇ ಆವಿ ಬಿಡುತ್ತದೆ. ಹೊಂಡದಲ್ಲಿ ಒಂದು ಗಿಡ ಕಂಡರೂ ಅಂದೇ ಕಿತ್ತು ದಂಡೆಯಿಂದ ದೂರ ಒಣಗಿಸಿ.